ನೂರೆಂಬತ್ತು ರೂಪಾಯಿಯ ಜಾಡು

ಪಾಸ್‌ಬುಕ್ ಮುದ್ರಿಸಿಕೊಂಡು ಬಂದವರಿಗೆ ಈಗ ಪುಟದ ತುಂಬ ಕಾಣುವುದು `UPI/DR/512370418265` ಎಂಬಂಥ ಸಾಲುಗಳು. ಮೊತ್ತ ಎಷ್ಟು, ಯಾರಿಗೆ ಹೋಯಿತು ಎಂದು ನೋಡಿ ನಾವು ಪುಟ ತಿರುಗಿಸುತ್ತೇವೆ. ನಡುವೆ ಇರುವ ಹನ್ನೆರಡು ಅಂಕಿಗಳನ್ನು ಓದುವವರು ಕಡಿಮೆ. ಆದರೆ ಆ ಪಾವತಿ ನಡುದಾರಿಯಲ್ಲಿ ಸಿಕ್ಕಿಕೊಂಡರೆ ಅದನ್ನು ಹುಡುಕಿ ತೆಗೆಯಲು ಬ್ಯಾಂಕಿನವರಿಗೆ ಬೇಕಾಗುವುದು ಆ ಅಂಕಿಗಳೇ. ಹೆಸರು, ಮೊತ್ತ, ವೇಳೆ ಎಲ್ಲವೂ ಅದರ ಮುಂದೆ ಎರಡನೆಯ ಸಾಕ್ಷಿಗಳು.

ಈ ಸಂಖ್ಯೆಗೆ ಬ್ಯಾಂಕಿನಲ್ಲಿ ಆರ್‌ಆರ್‌ಎನ್ ಎನ್ನುತ್ತಾರೆ. ಮೊಬೈಲ್ ಆ್ಯಪ್‌ಗಳಲ್ಲಿ `UPI Ref No` ಅಥವಾ `UTR` ಎಂದು ಕಾಣುತ್ತದೆ. ಎಟಿಎಂ ಮತ್ತು ಕಾರ್ಡುಗಳ ಕಾಲದಿಂದ ಬಂದ ರೂಢಿಯಂತೆ ಸಾಮಾನ್ಯವಾಗಿ ಇದರ ಮೊದಲ ಅಂಕಿ ವರ್ಷದ ಕೊನೆಯ ಅಂಕಿ, ಮುಂದಿನ ಮೂರು ಅಂಕಿ ಆ ವರ್ಷದ ಎಷ್ಟನೆಯ ದಿನ ಎಂಬುದು. ಮೇಲಿನ ಸಾಲಿನಲ್ಲಿ 5 ಎಂದರೆ 2025, 123 ಎಂದರೆ ನೂರಿಪ್ಪತ್ತಮೂರನೆಯ ದಿನ, ಅಂದರೆ ಮೇ 3. ಉಳಿದ ಎಂಟು ಅಂಕಿಗಳು ಆ ದಿನದ ಒಂದು ಪಾವತಿಯನ್ನು ಇನ್ನೊಂದರಿಂದ ಬೇರೆ ಮಾಡಲು.

ಇಂಥ ಗುರುತು ಏಕೆ ಬೇಕು ಎಂದು ತಿಳಿಯಲು ಒಂದು ಪಾವತಿಯ ಒಳಗೆ ಇಳಿದು ನೋಡಬೇಕು. ದಾವಣಗೆರೆಯ ಒಂದು ಬೆಣ್ಣೆ ದೋಸೆ ಹೋಟೆಲನ್ನು ಕಲ್ಪಿಸಿಕೊಳ್ಳಿ. ಶನಿವಾರ ಸಂಜೆ ಏಳೂಮುಕ್ಕಾಲರ ಹೊತ್ತು, ಕೌಂಟರಿನ ಮುಂದೆ ಜನ. ಒಬ್ಬ ಗಿರಾಕಿ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ 180 ರೂಪಾಯಿ ಹಾಕುತ್ತಾರೆ. ಅವರ ಫೋನಿಗೆ ಹಣ ಕಡಿತವಾದ ಎಸ್ಎಂಎಸ್ ಬರುತ್ತದೆ. ಕೌಂಟರಿನ ಮೇಲಿರುವ ಸೌಂಡ್ ಬಾಕ್ಸ್ ಮಾತ್ರ ಸುಮ್ಮನಿದೆ.

“ದುಡ್ಡು ಕಟ್ ಆಗೇತಿ ನೋಡ್ರಿ ಅಣ್ಣಾರೆ.”

“ನಮ್ಮ ಬಾಕ್ಸು ಹೇಳಲೇ ಇಲ್ಲಲ್ಲರೀ.”

ಇಬ್ಬರೂ ನಿಜವನ್ನೇ ಹೇಳುತ್ತಿದ್ದಾರೆ. ಹಾಗಾದರೆ ಹಣ ಈಗ ಎಲ್ಲಿದೆ?

ಗಿರಾಕಿ ಪಿನ್ ಒತ್ತಿದ್ದು ಒಂದೇ ಸಲ. ಆದರೆ ಆ ಒಂದು ಕೆಲಸದಲ್ಲಿ ಐದು ಸಂಸ್ಥೆಗಳ ಕಂಪ್ಯೂಟರುಗಳು ಕೈ ಹಾಕಿವೆ. ಗಿರಾಕಿಯ ಆ್ಯಪ್ ಮತ್ತು ಅದರ ಬೆನ್ನಿಗಿರುವ ಬ್ಯಾಂಕು ಒಂದು. ಗಿರಾಕಿಯ ಉಳಿತಾಯ ಖಾತೆ ಇರುವ ಬ್ಯಾಂಕು ಇನ್ನೊಂದು. ನಡುವೆ ಯುಪಿಐಯನ್ನು 2016ರಿಂದ ನಡೆಸುತ್ತಿರುವ ಭಾರತೀಯ ರಾಷ್ಟ್ರೀಯ ಪಾವತಿ ನಿಗಮದ ಕೇಂದ್ರ ವ್ಯವಸ್ಥೆ. ಆಚೆ ಕಡೆ ಹೋಟೆಲಿಗೆ ಕ್ಯೂಆರ್ ಕೊಟ್ಟ ಸಂಸ್ಥೆ, ಕೊನೆಗೆ ಹೋಟೆಲಿನ ಖಾತೆ ಇರುವ ಬ್ಯಾಂಕು. ಕೆಲವೊಮ್ಮೆ ಇವುಗಳಲ್ಲಿ ಎರಡು ಪಾತ್ರಗಳನ್ನು ಒಂದೇ ಬ್ಯಾಂಕು ವಹಿಸುತ್ತದೆ. ಆದರೂ ಒಳಗಿನ ಯಂತ್ರಗಳು ಬೇರೆ ಬೇರೆಯೇ ಆಗಿರುತ್ತವೆ.

ಪ್ರತಿ ಸಂಸ್ಥೆಯೂ ತನ್ನಲ್ಲಿ ನಡೆದದ್ದನ್ನು ತನ್ನ ಲಾಗ್‌ನಲ್ಲಿ ಬರೆದಿಟ್ಟುಕೊಳ್ಳುತ್ತದೆ. ಲಾಗ್ ಎಂದರೆ ದಿನಚರಿ, ಯಾವ ಕ್ಷಣದಲ್ಲಿ ಯಾವ ಸಂದೇಶ ಬಂತು, ಏನು ಮಾಡಿದೆ ಎಂಬ ಸಾಲುಗಳು. 2023ರ ಆಗಸ್ಟ್‌ನಲ್ಲಿ ಯುಪಿಐ ವಹಿವಾಟು ಮೊದಲ ಸಲ ತಿಂಗಳಿಗೆ ಸಾವಿರ ಕೋಟಿ ದಾಟಿತು. ಅಷ್ಟು ವಹಿವಾಟಿನ ದಿನಚರಿಯಲ್ಲಿ ನಮ್ಮ 180 ರೂಪಾಯಿಯ ಸಾಲುಗಳು ಎಲ್ಲಿವೆ ಎಂದು ಹುಡುಕಬೇಕು. ಮೊತ್ತ ಹಿಡಿದು ಹುಡುಕಿದರೆ ಎರಡು ಬೆಣ್ಣೆ ದೋಸೆ, ಕಾಫಿ ತೆಗೆದುಕೊಂಡವರೆಲ್ಲ ಸಿಗುತ್ತಾರೆ. ವೇಳೆ ಹಿಡಿದರೆ ಆ ಸೆಕೆಂಡಿನಲ್ಲಿ ದೇಶದಲ್ಲಿ ಸಾವಿರಾರು ಪಾವತಿ ನಡೆದಿರುತ್ತವೆ. ಎರಡನ್ನೂ ಸೇರಿಸಿದರೂ ಒಂದೇ ನಿಮಿಷದಲ್ಲಿ ಒಂದೇ ಹೋಟೆಲಿಗೆ ಇಬ್ಬರು 180 ಕೊಟ್ಟಿರಬಹುದು.

ಇನ್ನೊಂದು ತೊಡಕೂ ಇದೆ. ಯುಪಿಐಯಲ್ಲಿ ಒಂದು ಯಂತ್ರ ಕೇಳಿದ ಪ್ರಶ್ನೆಗೆ ಉತ್ತರ ಅದೇ ಕರೆಯಲ್ಲಿ ಬರುವುದಿಲ್ಲ. ಮೊದಲು ಬರುವುದು ‘ನಿಮ್ಮ ಸಂದೇಶ ತಲುಪಿತು’ ಎಂಬ ಸ್ವೀಕೃತಿ ಮಾತ್ರ, ಅದರ ಹೆಸರು `Ack`. ನಿಜವಾದ ಉತ್ತರ ಸ್ವಲ್ಪ ಹೊತ್ತಿನ ಮೇಲೆ ಬೇರೆಯೇ ಸಂದೇಶವಾಗಿ ಬರುತ್ತದೆ. ಅಷ್ಟರಲ್ಲಿ ಕೇಳಿದ ಯಂತ್ರ ಇನ್ನೂ ನೂರಾರು ಪ್ರಶ್ನೆಗಳನ್ನು ಕಳಿಸಿರುತ್ತದೆ. ಬಂದ ಉತ್ತರ ಯಾವ ಪ್ರಶ್ನೆಯದು ಎಂಬುದನ್ನು ಉತ್ತರವೇ ಹೇಳಬೇಕು.

ಹೀಗೆ ಬೇರೆ ಬೇರೆ ಕಡೆಯ ಸಾಲುಗಳನ್ನು ಒಂದೇ ಕೆಲಸಕ್ಕೆ ಕಟ್ಟುವ ಗುರುತಿಗೆ ಸಾಫ್ಟ್‌ವೇರ್ ಲೋಕದಲ್ಲಿ ಕೋರಿಲೇಶನ್ ಐಡಿ ಎನ್ನುತ್ತಾರೆ. ಗ್ರೆಗರ್ ಹೋಪೆ ಮತ್ತು ಬಾಬಿ ವುಲ್ಫ್ 2003ರಲ್ಲಿ ಸಂದೇಶ ವ್ಯವಸ್ಥೆಗಳ ಬಗ್ಗೆ ಬರೆದ ಪುಸ್ತಕದಲ್ಲಿ ಇದೇ ಹೆಸರಿನ ಭಾಗವಿದೆ. ಆದರೆ ಪದ್ಧತಿ ಅದಕ್ಕಿಂತ ಹಳೆಯದು. ಬ್ಯಾಂಕುಗಳು ದಶಕಗಳಿಂದ ಬಳಸುವ ಐಬಿಎಂನ ಸಂದೇಶ ವ್ಯವಸ್ಥೆಯಲ್ಲಿ ಪ್ರತಿ ಸಂದೇಶಕ್ಕೂ `MsgId`, `CorrelId` ಎಂಬ ಎರಡು ಜಾಗಗಳಿವೆ. ಮೊದಲನೆಯದು ಆ ಸಂದೇಶದ್ದೇ ಗುರುತು, ಎರಡನೆಯದು ಅದು ಯಾವುದಕ್ಕೆ ಸೇರಿದ್ದು ಎಂಬ ಗುರುತು.

ಈ ಎರಡನ್ನು ಬೇರೆ ಇಡಬೇಕಾದ ಕಾರಣ ನಮ್ಮ ಸರ್ಕಾರಿ ಕಚೇರಿಗಳನ್ನು ಕಂಡವರಿಗೆ ಕೂಡಲೇ ಹೊಳೆಯುತ್ತದೆ. ತಾಲ್ಲೂಕು ಕಚೇರಿಗೆ ಅರ್ಜಿ ಹೋದರೆ ಅದಕ್ಕೊಂದು ಕಡತ ಸಂಖ್ಯೆ ಬೀಳುತ್ತದೆ. ಆ ಕಡತದಿಂದ ಹೊರಡುವ ಪ್ರತಿ ಪತ್ರಕ್ಕೂ ಜಾವಕ ಸಂಖ್ಯೆ, ಬರುವ ಪತ್ರಕ್ಕೆ ಆವಕ ಸಂಖ್ಯೆ ಬೇರೆ ಇರುತ್ತದೆ, ಕಚೇರಿಯಿಂದ ಕಚೇರಿಗೆ ಅವು ಬದಲಾಗುತ್ತವೆ. ಕಡತ ಸಂಖ್ಯೆ ಮಾತ್ರ ಬದಲಾಗಬಾರದು. ಉತ್ತರ ಬರೆಯುವ ಗುಮಾಸ್ತರು ‘ಉಲ್ಲೇಖ’ದಲ್ಲಿ ಅದನ್ನು ನಮೂದಿಸದೆ ಬಿಟ್ಟರೆ ಆ ಪತ್ರ ಯಾವ ಕಡತಕ್ಕೆ ಸೇರಬೇಕೆಂದು ಯಾರಿಗೂ ತಿಳಿಯದು.

ಯುಪಿಐ ಸಂದೇಶದಲ್ಲಿ ಈ ಏರ್ಪಾಡು ಅಚ್ಚುಕಟ್ಟಾಗಿದೆ. ಪ್ರತಿ ಸಂದೇಶದ ತಲೆಯಲ್ಲಿ `msgId` ಇರುತ್ತದೆ, ಅದು ಆ ಒಂದು ಸಂದೇಶದ ಗುರುತು. ಉತ್ತರ ಕೊಡುವವರು `reqMsgId` ಎಂಬ ಜಾಗದಲ್ಲಿ ತಾವು ಯಾವ ಸಂದೇಶಕ್ಕೆ ಉತ್ತರಿಸುತ್ತಿದ್ದೇವೆ ಎಂದು ಬರೆಯುತ್ತಾರೆ. ಇವೆರಡರ ಮೇಲೆ ಇಡೀ ಪಾವತಿಗೆ ಒಂದೇ `Txn id`. ಗಿರಾಕಿಯ ಆ್ಯಪ್ ಬದಿಯಲ್ಲಿ ಒಂದೇ ಸಲ ಹುಟ್ಟುವ ಈ ಗುರುತಿನ ಉದ್ದ 35 ಅಕ್ಷರ. ಮುಂದಿನ ಎಲ್ಲರೂ ಅದನ್ನು ಒಂದಕ್ಷರವೂ ಬದಲಿಸದೆ ಸಾಗಿಸಬೇಕು. ಪಾಸ್‌ಬುಕ್ಕಿನಲ್ಲಿ ಕಾಣುವ ಹನ್ನೆರಡು ಅಂಕಿಯದ್ದು ಇದರ ಜೊತೆಗೇ `custRef` ಎಂಬ ಜಾಗದಲ್ಲಿ ಪ್ರಯಾಣ ಮಾಡುತ್ತದೆ. ಮನುಷ್ಯರು ಫೋನಿನಲ್ಲಿ ಓದಿ ಹೇಳಲು ಅದು, ಯಂತ್ರಗಳು ತಮ್ಮೊಳಗೆ ಹೊಂದಿಸಿಕೊಳ್ಳಲು ಇದು.

ಗಿರಾಕಿ ಆ್ಯಪ್‌ನಲ್ಲಿ ದೂರು ಕೊಟ್ಟರು ಎಂದುಕೊಳ್ಳೋಣ. ಅವರ ಪಾವತಿಯ ಗುರುತು ಹೀಗಿತ್ತು:

```
XYZ7f3a91c2e04b4d6f8a5512c0be93d417
```

ಇದು ಉದಾಹರಣೆಗೆಂದು ನಾನು ಕಟ್ಟಿದ್ದು. ಮೊದಲ ಮೂರು ಅಕ್ಷರ ಗುರುತನ್ನು ಹುಟ್ಟಿಸಿದ ಸಂಸ್ಥೆಯನ್ನು ಸೂಚಿಸುತ್ತವೆ, ಉಳಿದ 32 ಯದ್ವಾತದ್ವಾ ಬಂದವು. ಯದ್ವಾತದ್ವಾ ಇರುವುದೇ ಅದರ ಗುಣ. ಎರಡು ಯಂತ್ರಗಳು ಒಬ್ಬರನ್ನೊಬ್ಬರು ಕೇಳದೆ ಗುರುತು ಹುಟ್ಟಿಸಿದರೂ ಅವು ಒಂದೇ ಆಗುವ ಸಂಭವ ಲೆಕ್ಕಕ್ಕೇ ಬಾರದಷ್ಟು ಕಡಿಮೆ. ಗಿರಾಕಿಯ ಮೊಬೈಲ್ ನಂಬರನ್ನೋ ಖಾತೆ ಸಂಖ್ಯೆಯನ್ನೋ ಇದರೊಳಗೆ ಸೇರಿಸಬಾರದು. ಐದು ಸಂಸ್ಥೆಗಳ ದಿನಚರಿಗಳಲ್ಲಿ, ದೂರಿನ ಇಮೇಲ್‌ಗಳಲ್ಲಿ, ಪರದೆಯ ಫೋಟೋಗಳಲ್ಲಿ ಈ ಗುರುತು ಓಡಾಡುತ್ತದೆ, ಅದು ಹೋದ ಕಡೆಗೆಲ್ಲ ಖಾಸಗಿ ವಿವರವೂ ಹೋಗುತ್ತದೆ.

ಈಗ ಈ ಗುರುತು ಹಿಡಿದು ಎಲ್ಲ ಕಡೆಯ ಸಾಲುಗಳನ್ನು ಸೇರಿಸಿದರೆ ಹೀಗೆ ಕಾಣಬೇಕು. ಗುರುತಿನ ಕೊನೆಯ ನಾಲ್ಕು ಅಕ್ಷರಗಳನ್ನಷ್ಟೇ ಇಲ್ಲಿ ತೋರಿಸಿದ್ದೇನೆ. A ಎಂದರೆ ಗಿರಾಕಿಯ ಕಡೆ, B ಎಂದರೆ ಹೋಟೆಲಿನ ಕಡೆ.

```
19:42:07.310  PSP-A   ReqPay           d417  180.00
19:42:07.410  PSP-B   ReqAuthDetails   d417
19:42:07.590  UPI     RespAuthDetails  d417
19:42:07.640  BANK-A  ReqPay  DEBIT    d417
19:42:08.470  UPI     RespPay DEBIT    d417  SUCCESS
19:42:08.520  UPI     ReqPay  CREDIT   d417  -> BANK-B
```

ಮೇಲಿನಿಂದ ಓದೋಣ. ಆ್ಯಪ್ ಬದಿಯಿಂದ ಪಾವತಿಯ ಕೋರಿಕೆ ಹೊರಟಿತು. ಕೇಂದ್ರ ವ್ಯವಸ್ಥೆ ಹೋಟೆಲಿನ ಕಡೆಯವರನ್ನು ‘ಈ ವಿಳಾಸದ ಖಾತೆ ಯಾವುದು’ ಎಂದು ಕೇಳಿತು, ಅವರು ಹೇಳಿದರು. ಬಳಿಕ ಗಿರಾಕಿಯ ಬ್ಯಾಂಕಿಗೆ ಕಡಿತದ ಆಜ್ಞೆ ಹೋಯಿತು, ಕಡಿತವಾಯಿತು. ಫೋನಿಗೆ ಎಸ್ಎಂಎಸ್ ಬಂದದ್ದು ಆಗ. ಕೊನೆಯ ಸಾಲಿನಲ್ಲಿ ಹೋಟೆಲಿನ ಬ್ಯಾಂಕಿಗೆ ಜಮಾ ಮಾಡಲು ಸಂದೇಶ ಹೋಗಿದೆ. ಇದಾದ ಮೇಲೆ `RespPay CREDIT` ಎಂಬ ಸಾಲು ಇರಬೇಕಿತ್ತು, ಇಲ್ಲ. ಸೌಂಡ್ ಬಾಕ್ಸ್ ಮಾತಾಡುವುದು ಅದಕ್ಕೂ ಮುಂದಿನ ಹೆಜ್ಜೆಯಲ್ಲಿ. ಹಾಗಾಗಿ ಅದು ಸುಮ್ಮನಿದ್ದುದರಲ್ಲಿ ಆಶ್ಚರ್ಯವಿಲ್ಲ.

ಎರಡು ನಿಮಿಷ ಹಿಂದೆ ಐದು ಸಂಸ್ಥೆಗಳಲ್ಲಿ ಯಾವುದರ ಮೇಲಾದರೂ ಬೆರಳು ತೋರಿಸಬಹುದಿತ್ತು. ಈಗ ಪ್ರಶ್ನೆ ಒಂದೇ ಬ್ಯಾಂಕಿನ ಬಾಗಿಲಿಗೆ ಬಂದು ನಿಂತಿದೆ. ಗುರುತು ಮಾಡಿಕೊಟ್ಟ ಕೆಲಸ ಇಷ್ಟೇ, ಆದರೆ ಇದು ಇಲ್ಲದೆ ಹೋದರೆ ದಿನಗಟ್ಟಲೆ ಇಮೇಲ್‌ಗಳಲ್ಲಿ ‘ನಮ್ಮ ಕಡೆ ಎಲ್ಲ ಸರಿ ಇದೆ’ ಎಂಬ ಉತ್ತರವೇ ಸುತ್ತುತ್ತಿರುತ್ತದೆ.

ಇಲ್ಲಿ ಒಂದು ಎಚ್ಚರ ಬೇಕು. ಉತ್ತರ ಬಂದಿಲ್ಲ ಎಂದರೆ ಕೆಲಸ ಆಗಿಲ್ಲ ಎಂದು ಅರ್ಥವಲ್ಲ. ಜಮಾ ಆಗಿ, ಉತ್ತರ ಮಾತ್ರ ದಾರಿಯಲ್ಲಿ ಕಳೆದಿರಬಹುದು. ಆತುರಪಟ್ಟು ಹೊಸ ಗುರುತಿನಲ್ಲಿ ಇನ್ನೊಮ್ಮೆ ಜಮಾ ಕಳಿಸಿದರೆ ಹೋಟೆಲಿಗೆ 360 ಸೇರುತ್ತದೆ. ಅದೇ ಗುರುತಿನಲ್ಲಿ ಕೇಳಿದರೆ, ಸರಿಯಾಗಿ ಕಟ್ಟಿದ ವ್ಯವಸ್ಥೆ ‘ಇದನ್ನು ಆಗಲೇ ಮಾಡಿದ್ದೇನೆ’ ಎಂದು ಹಳೆಯ ಉತ್ತರವನ್ನೇ ಕೊಡುತ್ತದೆ. ಆದ್ದರಿಂದ ಮರುಪ್ರಯತ್ನಕ್ಕೆ ಹೊಸ ಸಂದೇಶ ಸಂಖ್ಯೆ ಇರಬಹುದು, ಹೊಸ ಪಾವತಿ ಗುರುತು ಇರಬಾರದು. ಹಣ ಹಿಂದಿರುಗಿಸುವಾಗ ಬೇರೆ ಮಾತು. ಅದು ಹೊಸ ವಹಿವಾಟು, ಅದಕ್ಕೆ ತನ್ನದೇ ಗುರುತು, ಜೊತೆಗೆ `orgTxnId` ಎಂಬ ಜಾಗದಲ್ಲಿ ಮೂಲ ಪಾವತಿಯ ಗುರುತು.

ಗಿರಾಕಿ ಸ್ವತಃ ಇನ್ನೊಮ್ಮೆ ಸ್ಕ್ಯಾನ್ ಮಾಡಿ ಹಣ ಹಾಕಿದರೆ ಅದು ಎಲ್ಲ ರೀತಿಯಲ್ಲೂ ಹೊಸ ಪಾವತಿ. ಮೊದಲನೆಯದು ಏನಾಯಿತೆಂದು ಯಾವ ಯಂತ್ರವೂ ಅದಕ್ಕೆ ತಾಳೆ ಹಾಕುವುದಿಲ್ಲ. ಹೋಟೆಲಿನ ಮಾಲೀಕರು ಒತ್ತಾಯಿಸಿದರೆ ಎರಡನೆಯದಕ್ಕೆ ಮುಂದಾಗುವ ಮೊದಲು ಎರಡೂ ಕಡೆಯ ಆ್ಯಪ್‌ಗಳನ್ನು ತೆರೆದು ಹನ್ನೆರಡು ಅಂಕಿಗಳನ್ನು ಹೋಲಿಸಿ ನೋಡುವುದು ಒಳ್ಳೆಯದು. ಸೌಂಡ್ ಬಾಕ್ಸ್ ಒಂದು ಸಿಮ್ ಇಟ್ಟುಕೊಂಡು ಮೊಬೈಲ್ ಜಾಲದಲ್ಲಿ ಸುದ್ದಿ ಕೇಳುವ ಪೆಟ್ಟಿಗೆ. ಹಣ ಬಂದೂ ಸಿಗ್ನಲ್ ಇಲ್ಲದೆ ಅದು ಸುಮ್ಮನಿರುವುದುಂಟು.

ಈಗ ಹೋಟೆಲಿನ ಬ್ಯಾಂಕಿನ ಒಳಗೆ ಹೋಗೋಣ. ಹೊರಗಿನಿಂದ ಒಂದೇ ಮನೆಯಾಗಿ ಕಾಣುವ ಬ್ಯಾಂಕಿನೊಳಗೂ ಹಲವು ಯಂತ್ರಗಳಿವೆ. ಯುಪಿಐ ಸಂದೇಶವನ್ನು ಬರಮಾಡಿಕೊಳ್ಳುವ ಗೇಟ್‌ವೇ ಇದೆ. ಬಂದ ಕೆಲಸಗಳು ಸರದಿಯಲ್ಲಿ ಕಾಯುವ ಕ್ಯೂ ಇದೆ. ಸರದಿಯಿಂದ ಒಂದೊಂದಾಗಿ ಎತ್ತಿಕೊಂಡು ಖಾತೆಗೆ ಜಮಾ ಬರೆಯಿಸುವ ಇನ್ನೊಂದು ಪ್ರೋಗ್ರಾಂ ಇದೆ, ಅದನ್ನು ವರ್ಕರ್ ಎನ್ನುತ್ತಾರೆ. ಕೊನೆಗೆ ಖಾತೆಗಳ ಮೂಲ ಲೆಕ್ಕ ಇರುವ ಕೋರ್ ಬ್ಯಾಂಕಿಂಗ್. ಅಲ್ಲಿನ ದಿನಚರಿ ಹೀಗಿತ್ತು ಎಂದುಕೊಳ್ಳಿ:

```
19:42:08.497  gateway  recv       txn=d417  rrn=512370418265
19:42:08.503  gateway  queue.put  txn=d417
19:42:11.940  worker   queue.get  txn=-
19:42:12.204  worker   posted     txn=-  journal=88120457
```

ಮೂರನೆಯ ಸಾಲಿನಲ್ಲಿ `txn` ಮುಂದೆ ಒಂದು ಅಡ್ಡಗೆರೆ ಮಾತ್ರ ಇದೆ. ಗುರುತು ಸರದಿಯಲ್ಲಿ ಬಿದ್ದುಹೋಗಿದೆ. ಗೇಟ್‌ವೇ ಬರೆದವರು ಕ್ಯೂಗೆ ಹಾಕಿದ ಸಂದೇಶದಲ್ಲಿ ಖಾತೆ ಮತ್ತು ಮೊತ್ತ ಸೇರಿಸಿದ್ದಾರೆ, ಗುರುತನ್ನು ತಮ್ಮ ದಿನಚರಿಯಲ್ಲಿ ಬರೆದುಕೊಂಡರೇ ಹೊರತು ಸಂದೇಶದ ಜೊತೆ ಕಳಿಸಿಲ್ಲ. ವರ್ಕರ್ ತನ್ನ ಪಾಲಿನ ಕೆಲಸ ಮಾಡಿದೆ, 180 ರೂಪಾಯಿ ಜಮಾ ಮಾಡಿ ಕೋರ್ ಬ್ಯಾಂಕಿಂಗ್ ಕೊಟ್ಟ ಜರ್ನಲ್ ಸಂಖ್ಯೆ ಬರೆದುಕೊಂಡಿದೆ. ಆದರೆ ಆ ಜಮಾ ಯಾವ ಯುಪಿಐ ಸಂದೇಶಕ್ಕೆ ಉತ್ತರ ಎಂದು ಅದಕ್ಕೆ ಗೊತ್ತಿಲ್ಲ, ಗೇಟ್‌ವೇಗೆ ಹೇಳಲೂ ಆಗಲಿಲ್ಲ. ಗೇಟ್‌ವೇ ಕಾದು ಸುಮ್ಮನಾಯಿತು.

ಇಂಥ ದೋಷ ಬಹುಕಾಲ ಯಾರ ಕಣ್ಣಿಗೂ ಬೀಳದೆ ಇರಬಹುದು, ಏಕೆಂದರೆ ಕ್ಯೂ ಇಲ್ಲದ ದಾರಿಯಲ್ಲಿ ಎಲ್ಲ ಸರಿಯಾಗಿಯೇ ನಡೆಯುತ್ತದೆ. ಹೊರೆ ಕಡಿಮೆ ಇದ್ದಾಗ ಗೇಟ್‌ವೇ ನೇರವಾಗಿ ಜಮಾ ಬರೆಯಿಸಿ ಕೂಡಲೇ ಉತ್ತರಿಸುತ್ತದೆ. ಶನಿವಾರ ಸಂಜೆಯ ನೂಕುನುಗ್ಗಲಿನಲ್ಲಿ ಮಾತ್ರ ಕೆಲಸ ಸರದಿಗೆ ಬೀಳುತ್ತದೆ, ಗುರುತು ಕಳೆಯುವುದು ಆಗಲೇ. ತಂಡವೊಂದು ಬೆಳಿಗ್ಗೆ ಪರೀಕ್ಷೆ ಮಾಡಿ ‘ನಮ್ಮಲ್ಲಿ ಸರಿಯಿದೆ’ ಎಂದಾಗ ಅದು ಸುಳ್ಳಾಗಿರುವುದಿಲ್ಲ.

ಸರಿಪಡಿಸುವುದು ದೊಡ್ಡ ಕೆಲಸವೇನಲ್ಲ. ಕ್ಯೂಗೆ ಹೋಗುವ ಸಂದೇಶವೇ ಗುರುತನ್ನು ಹೊತ್ತಿರಬೇಕು, ಎತ್ತಿಕೊಂಡವರು ಕೆಲಸಕ್ಕೆ ಕೈ ಹಚ್ಚುವ ಮೊದಲೇ ಅದನ್ನು ತಮ್ಮ ದಿನಚರಿಯ ತಲೆಗೆ ಏರಿಸಿಕೊಳ್ಳಬೇಕು:

```
{"txn":"XYZ7f3a91c2e04b4d6f8a5512c0be93d417",
 "rrn":"512370418265", "amount":"180.00"}
```

ವರ್ಕರ್ ಜಮಾ ಬರೆಯಿಸಿದ ಮೇಲೆ ಒಂದೇ ಸಾಲಿನಲ್ಲಿ `txn` ಮತ್ತು `journal` ಎರಡನ್ನೂ ದಾಖಲಿಸಬೇಕು. ಕೋರ್ ಬ್ಯಾಂಕಿಂಗ್‌ನಂಥ ಹಳೆಯ ವ್ಯವಸ್ಥೆ ತನ್ನದೇ ಸಂಖ್ಯೆ ಕೊಡುತ್ತದೆ, ನಮ್ಮ 35 ಅಕ್ಷರಕ್ಕೆ ಅಲ್ಲಿ ಜಾಗವೇ ಇಲ್ಲದಿರಬಹುದು. ಆಗ ಹಳೆಯ ಗುರುತು ಮತ್ತು ಹೊಸ ಗುರುತು ಪಕ್ಕಪಕ್ಕ ನಿಂತ ಒಂದು ಸಾಲಾದರೂ ಎಲ್ಲೋ ಇರಬೇಕು. ಆ ಸಾಲು ಇದ್ದರೆ ದಾರಿ ಮುಂದುವರಿಯುತ್ತದೆ. ಇಲ್ಲದಿದ್ದರೆ ಜರ್ನಲ್ 88120457 ನಮ್ಮ ಗಿರಾಕಿಯದೋ, ಅದೇ ನಿಮಿಷದಲ್ಲಿ 180 ಕೊಟ್ಟ ಪಕ್ಕದ ಟೇಬಲಿನವರದೋ ಎಂದು ಊಹಿಸಬೇಕಾಗುತ್ತದೆ. ಹಣದ ವಿಷಯದಲ್ಲಿ ಊಹೆಯ ಮೇಲೆ ನಿರ್ಣಯ ಕೊಡುವುದು ತಪ್ಪು ಎಂದೇ ನನ್ನ ಅಭಿಪ್ರಾಯ, ಎಷ್ಟೇ ಸಣ್ಣ ಮೊತ್ತವಾದರೂ.

ಗುರುತು ಖಾಲಿ ಇರುವುದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಪ್ರೋಗ್ರಾಂಗಳು ವೇಗಕ್ಕಾಗಿ ಕೆಲವೇ ಕೆಲಸದ ಎಳೆಗಳನ್ನು ಇಟ್ಟುಕೊಂಡು ಅವುಗಳನ್ನೇ ಮತ್ತೆ ಮತ್ತೆ ಬಳಸುತ್ತವೆ. ಒಂದು ಪಾವತಿ ಮುಗಿದ ಮೇಲೆ ಆ ಎಳೆಯ ಮೇಲಿನ ಗುರುತನ್ನು ಅಳಿಸದೆ ಬಿಟ್ಟರೆ, ಮುಂದಿನ ಪಾವತಿಯ ಸಾಲುಗಳು ಹಿಂದಿನವರ ಗುರುತಿನಲ್ಲಿ ಬರೆಯಲ್ಪಡುತ್ತವೆ. ಖಾಲಿ ಜಾಗ ಕಂಡರೆ ‘ಇಲ್ಲಿ ಕಳೆದಿದೆ’ ಎಂದು ತಿಳಿಯುತ್ತದೆ. ತಪ್ಪು ಗುರುತು ಕಂಡರೆ ನಂಬಿಬಿಡುತ್ತೇವೆ. ಒಂದೇ ಗುರುತಿನ ಅಡಿಯಲ್ಲಿ ಎರಡು ಬೇರೆ ಮೊತ್ತಗಳೋ ಎರಡು ಖಾತೆಗಳೋ ಕಂಡರೆ ಈ ರೋಗ ಎಂದು ತಿಳಿಯಬೇಕು.

ಓದುಗರಲ್ಲಿ ಕೆಲವರು ಮೇಲಿನ ದಿನಚರಿಯಲ್ಲಿ ಒಂದು ವಿಚಿತ್ರವನ್ನು ಗಮನಿಸಿರಬಹುದು. ಕೇಂದ್ರ ವ್ಯವಸ್ಥೆ ಸಂದೇಶ ಕಳಿಸಿದ್ದು 08.520ಕ್ಕೆ, ಬ್ಯಾಂಕು ಪಡೆದದ್ದು 08.497ಕ್ಕೆ. ಕಳಿಸುವ ಮೊದಲೇ ತಲುಪಿದೆ! ಎರಡು ಯಂತ್ರಗಳ ಗಡಿಯಾರದಲ್ಲಿ ಕೆಲವು ಮಿಲಿಸೆಕೆಂಡುಗಳ ವ್ಯತ್ಯಾಸ ಇರುವುದು ಸಹಜ. ಹಾಗಾಗಿ ವೇಳೆಯನ್ನು ಮಾತ್ರ ನಂಬಿ ಸಾಲುಗಳನ್ನು ಜೋಡಿಸಿದರೆ ಮುಂದಿನದು ಹಿಂದೆ ಬೀಳುತ್ತದೆ. ಕೋರಿಲೇಶನ್ ಐಡಿ ಸಾಲುಗಳು ಒಂದೇ ಕೆಲಸಕ್ಕೆ ಸೇರಿದವು ಎಂದಷ್ಟೇ ಹೇಳುತ್ತದೆ. ಯಾವುದರಿಂದ ಯಾವುದು ಹುಟ್ಟಿತು ಎಂದು ಹೇಳುವುದಿಲ್ಲ.

ಅದನ್ನೂ ಹೇಳುವ ಪದ್ಧತಿಯನ್ನು ಗೂಗಲ್ ತನ್ನ ಯಂತ್ರಗಳಿಗಾಗಿ ಕಟ್ಟಿಕೊಂಡು 2010ರಲ್ಲಿ ಡ್ಯಾಪರ್ ಎಂಬ ಹೆಸರಿನ ಪ್ರಬಂಧದಲ್ಲಿ ವಿವರಿಸಿತು. ಇಡೀ ಕೆಲಸಕ್ಕೆ ಒಂದು ಗುರುತು, ಅದರೊಳಗಿನ ಪ್ರತಿ ಹೆಜ್ಜೆಗೂ ಒಂದು ಗುರುತು, ಜೊತೆಗೆ ತನ್ನನ್ನು ಕರೆದ ಹೆಜ್ಜೆ ಯಾವುದು ಎಂಬ ಗುರುತು. ಇವಿಷ್ಟಿದ್ದರೆ ಗಡಿಯಾರ ಹೇಗಿದ್ದರೂ ವಂಶವೃಕ್ಷ ಬಿಡಿಸಬಹುದು. ವೆಬ್ ಮಾನದಂಡಗಳ ಸಂಸ್ಥೆಯಾದ ಡಬ್ಲ್ಯೂ3ಸಿ 2020ರಲ್ಲಿ ಇದಕ್ಕೊಂದು ಸಾಮಾನ್ಯ ರೂಪ ಕೊಟ್ಟಿತು. ಈಗ ಬೇರೆ ಬೇರೆ ಕಂಪನಿಗಳ ಸಾಫ್ಟ್‌ವೇರ್‌ಗಳು ಒಂದಕ್ಕೊಂದು ಕಳಿಸುವ ಕೋರಿಕೆಯ ತಲೆಬರಹದಲ್ಲಿ ಇಂಥ ಸಾಲು ಇರುತ್ತದೆ:

```
traceparent: 00-4bf92f3577b34da6a3ce929d0e0e4736-00f067aa0ba902b7-01
```

ಉದ್ದನೆಯ 32 ಅಕ್ಷರ ಇಡೀ ಕೆಲಸದ್ದು, ಅದು ಬದಲಾಗದು. ಮುಂದಿನ 16 ಅಕ್ಷರ ಕರೆದ ಹೆಜ್ಜೆಯದು, ಅದು ಪ್ರತಿ ನೆಗೆತದಲ್ಲೂ ಬದಲಾಗುತ್ತದೆ. ಕೊನೆಯ `01` ಎಂದರೆ ಈ ಕೆಲಸದ ಜಾಡನ್ನು ದಾಖಲಿಸಿಕೊಳ್ಳಲಾಗಿದೆ ಎಂದು. ಆ ಕೊನೆಯ ಅಂಕಿಯಲ್ಲಿ ಒಂದು ಮಿತಿ ಅಡಗಿದೆ. ಎಲ್ಲ ಕೆಲಸಗಳ ಜಾಡನ್ನೂ ಇಟ್ಟುಕೊಂಡರೆ ಜಾಗ ಸಾಲದು, ಯಂತ್ರವೂ ನಿಧಾನವಾಗುತ್ತದೆ. ಡ್ಯಾಪರ್‌ನ ಮೊದಲ ಬಳಕೆಯಲ್ಲಿ ಸರಾಸರಿ 1024 ಕೆಲಸಗಳಿಗೆ ಒಂದನ್ನು ಮಾತ್ರ ದಾಖಲಿಸುತ್ತಿದ್ದರು. ‘ನಮ್ಮ ವ್ಯವಸ್ಥೆ ಎಲ್ಲಿ ನಿಧಾನ’ ಎಂದು ತಿಳಿಯಲು ಅಷ್ಟು ಸಾಕು. ‘ಈ ಗಿರಾಕಿಯ 180 ಎಲ್ಲಿ’ ಎಂದು ತಿಳಿಯಲು ಸಾಲದು, ಉಳಿದ 1023ರಲ್ಲಿ ಅವರೂ ಇರುತ್ತಾರೆ. ಆದ್ದರಿಂದ ಪಾವತಿಯಂಥ ಕಡೆ ಪ್ರತಿಯೊಂದಕ್ಕೂ ವ್ಯವಹಾರದ ಗುರುತು ಬೇರೆ ಇರಲೇಬೇಕು. ತಂತ್ರಜ್ಞರ `traceparent` ಇದೆ ಎಂದು `Txn id`ಯನ್ನು ದಿನಚರಿಯಿಂದ ಕೈಬಿಡುವಂತಿಲ್ಲ.

ನಮ್ಮ ಪ್ರಕರಣಕ್ಕೆ ಮರಳೋಣ. ಜಮಾ ಬದಿಯಿಂದ ಉತ್ತರ ಬಾರದ ಪಾವತಿಯನ್ನು ಯುಪಿಐಯಲ್ಲಿ ‘ಡೀಮ್ಡ್’ ಎಂದು ಇಡುತ್ತಾರೆ. ಆಗಿದೆ ಎಂದು ಭಾವಿಸಿ ಮುಂದುವರಿದು, ಆಮೇಲೆ ಲೆಕ್ಕ ತಾಳೆ ನೋಡುವ ಕ್ರಮ ಅದು. ತಾಳೆ ನೋಡುವಾಗ ನಿಗಮ ಕಳಿಸಿದ ಕಡತದ ಒಂದೊಂದು ಆರ್‌ಆರ್‌ಎನ್ ಅನ್ನೂ ಬ್ಯಾಂಕು ತನ್ನ ಜಮಾಗಳ ಜೊತೆ ಹೊಂದಿಸುತ್ತದೆ. ಹೊಂದದೆ ಉಳಿದರೆ ಹಣ ಹಿಂದಿರುಗಿಸಬೇಕು. ರಿಸರ್ವ್ ಬ್ಯಾಂಕು 2019ರ ಸೆಪ್ಟೆಂಬರ್ 20ರ ಸುತ್ತೋಲೆಯಲ್ಲಿ ಗಡುವು ಹಾಕಿದೆ. ಒಬ್ಬರಿಂದ ಒಬ್ಬರಿಗೆ ಕಳಿಸಿದ ಯುಪಿಐ ಹಣ ಕಡಿತವಾಗಿ ಜಮಾ ಆಗದಿದ್ದರೆ ವಹಿವಾಟಿನ ಮರುದಿನದೊಳಗೆ, ಅಂಗಡಿಗೆ ಕೊಟ್ಟದ್ದಾದರೆ ಐದು ದಿನದೊಳಗೆ ತಾನಾಗಿ ಹಿಂದಿರುಗಬೇಕು. ಮೀರಿದರೆ ದಿನಕ್ಕೆ 100 ರೂಪಾಯಿ ಪರಿಹಾರ. 180 ರೂಪಾಯಿಯ ಜಾಡು ಎರಡು ದಿನ ತಡವಾಗಿ ಸಿಕ್ಕರೆ ಬ್ಯಾಂಕು ತೆರಬೇಕಾದ್ದು ಮೂಲ ಹಣಕ್ಕಿಂತ ಹೆಚ್ಚು.

ನಮ್ಮ ಹೋಟೆಲಿನ ಮಟ್ಟಿಗೆ ಜಮಾ ಆಗಿತ್ತು, ಉತ್ತರ ಮಾತ್ರ ಹೋಗಿರಲಿಲ್ಲ. ಆದರೆ ವರ್ಕರ್ ಆರ್‌ಆರ್‌ಎನ್ ಕೂಡ ಬರೆಯದ್ದರಿಂದ ತಾಳೆಯಲ್ಲಿ ಅದು ‘ಹೊಂದಿಲ್ಲ’ ಎಂದೇ ಬರುತ್ತದೆ. ಆಗ ಇದೇ ಹಣವನ್ನು ಗಿರಾಕಿಗೂ ಹಿಂದಿರುಗಿಸುವ ಅಪಾಯವಿದೆ. ದೋಸೆ ತಿಂದವರಿಗೆ ದುಡ್ಡೂ ವಾಪಸ್, ಹೋಟೆಲಿಗೂ ಜಮಾ, ನಷ್ಟ ಬ್ಯಾಂಕಿನದು. ಒಂದು ಜಾಗದಲ್ಲಿ ಬಿದ್ದುಹೋದ ಗುರುತು ಇಷ್ಟು ದೂರ ಬಂದು ಕಾಡುತ್ತದೆ.

ತಾಳೆಯ ಹಂತದಲ್ಲಿ ಇನ್ನೊಂದು ಸಣ್ಣ ಅನಾಹುತ ಬಹಳ ಕಡೆ ನಡೆಯುತ್ತದೆ. ಯಾರೋ ಆ ಕಡತವನ್ನು ಎಕ್ಸೆಲ್‌ನಲ್ಲಿ ತೆರೆಯುತ್ತಾರೆ. ಎಕ್ಸೆಲ್ ಹನ್ನೆರಡು ಅಂಕಿಗಳನ್ನು ಕಂಡು ಇದೊಂದು ದೊಡ್ಡ ಸಂಖ್ಯೆ ಎಂದುಕೊಂಡು `5.1237E+11` ಎಂದು ತೋರಿಸುತ್ತದೆ. ಅದನ್ನು ಹಾಗೆಯೇ ಸಿಎಸ್‌ವಿ ಕಡತವಾಗಿ ಉಳಿಸಿದರೆ ಉಳಿಯುವುದೂ ಅಷ್ಟೇ, ಕೊನೆಯ ಅಂಕಿಗಳು ಹೋದವು. 2020ರಲ್ಲಿ ಸೊನ್ನೆಯಿಂದ ಶುರುವಾಗುತ್ತಿದ್ದ ಆರ್‌ಆರ್‌ಎನ್‌ಗಳ ಮುಂದಿನ ಸೊನ್ನೆಯನ್ನೂ ಅದು ನುಂಗುತ್ತಿತ್ತು. 2030ರಲ್ಲಿ ಸೊನ್ನೆ ಮತ್ತೆ ಬರುತ್ತದೆ. ಮೇಲೆ ಕ್ಯೂ ಸಂದೇಶದಲ್ಲಿ `rrn`ನ ಬೆಲೆಯನ್ನು ಉದ್ಧರಣ ಚಿಹ್ನೆಯೊಳಗೆ ಇಟ್ಟದ್ದು ಇದಕ್ಕೇ. ಗುರುತು ನೋಡಲು ಸಂಖ್ಯೆಯಂತಿದ್ದರೂ ಅದನ್ನು ಕೂಡುವುದಿಲ್ಲ, ಕಳೆಯುವುದಿಲ್ಲ. ಅದನ್ನು ಅಕ್ಷರಗಳ ಸಾಲೆಂದೇ ಇಟ್ಟುಕೊಳ್ಳಬೇಕು. ವರ್ಷಕ್ಕೆ ಒಂದೇ ಅಂಕಿ ಇರುವುದರಿಂದ ಹತ್ತು ವರ್ಷಕ್ಕೊಮ್ಮೆ ಅದೇ ಆರ್‌ಆರ್‌ಎನ್ ಮರಳಿ ಬರಬಹುದು. ಹಳೆಯ ದಾಖಲೆ ಹುಡುಕುವವರು ಅದರ ಜೊತೆ ದಿನಾಂಕವನ್ನೂ ಕೊಡಬೇಕು.

ಗುರುತಿನ ರೂಪದ ಬಗ್ಗೆ ಎಲ್ಲರೂ ಒಂದೇ ಮಾತಿಗೆ ಬದ್ಧರಾಗಿರುವುದು ಎಷ್ಟು ಮುಖ್ಯ ಎಂಬುದಕ್ಕೆ ಹತ್ತಿರದ ಉದಾಹರಣೆಯಿದೆ. ಯುಪಿಐ ಗುರುತಿನಲ್ಲಿ ಅಕ್ಷರ ಮತ್ತು ಅಂಕಿಗಳ ಹೊರತು ಬೇರೆ ಚಿಹ್ನೆ ಇರಬಾರದು ಎಂದು ನಿಗಮ ಹೇಳಿತ್ತು. ಎಲ್ಲರೂ ಪಾಲಿಸದಿದ್ದಾಗ, 2025ರ ಫೆಬ್ರುವರಿ 1ರಿಂದ ಅಡ್ಡಗೆರೆಯಂಥ ಚಿಹ್ನೆ ಇರುವ ಗುರುತುಗಳ ಪಾವತಿಯನ್ನು ಕೇಂದ್ರ ವ್ಯವಸ್ಥೆಯೇ ತಿರಸ್ಕರಿಸುತ್ತದೆ ಎಂದು ಸುತ್ತೋಲೆ ಹೊರಡಿಸಿತು. ಹೊರಗಿನವರಿಗೆ ಇದು ಅತಿ ಎನ್ನಿಸಬಹುದು. ಆದರೆ ಒಂದು ಯಂತ್ರ ಚಿಹ್ನೆಯನ್ನು ಉಳಿಸಿಕೊಂಡು ಇನ್ನೊಂದು ತೆಗೆದುಹಾಕಿದರೆ, ಒಂದೇ ಪಾವತಿಗೆ ಎರಡು ಗುರುತಾಗಿ ಹುಡುಕಾಟ ಅಲ್ಲಿಗೇ ನಿಲ್ಲುತ್ತದೆ. ಹಣ ಕಡಿತವಾಗಿ ಜಾಡು ಸಿಗದೆ ಹೋಗುವುದಕ್ಕಿಂತ ಬಾಗಿಲಲ್ಲೇ ತಿರಸ್ಕೃತವಾಗುವುದು ಗಿರಾಕಿಗೆ ಕ್ಷೇಮ ಎಂದು ನನಗೆ ತೋರುತ್ತದೆ.

ನಮ್ಮಂಥ ಬಳಕೆದಾರರು ಮಾಡಬೇಕಾದ್ದು ಸ್ವಲ್ಪವೇ. ದೂರು ಕೊಡುವಾಗ ಹನ್ನೆರಡು ಅಂಕಿ, ದಿನಾಂಕ, ಮೊತ್ತ ಕೊಟ್ಟರೆ ಸಾಕು, ಅದನ್ನು ಆ್ಯಪ್‌ನಿಂದ ಕಾಪಿ ಮಾಡಿ ಕಳಿಸಿ, ನೆನಪಿನಿಂದ ಬರೆಯಬೇಡಿ. ಆ ಅಂಕಿಗಳಿಂದ ಯಾರೂ ನಿಮ್ಮ ಹಣ ತೆಗೆಯಲಾರರು. ‘ನಿಮ್ಮ ಯುಟಿಆರ್ ಹೇಳಿ’ ಎಂದವರು ಅದರ ಬೆನ್ನಿಗೇ ಪಿನ್ ಅಥವಾ ಒಟಿಪಿ ಕೇಳಿದರೆ ಮಾತ್ರ ಫೋನ್ ಇಟ್ಟುಬಿಡಿ. ಸಿಕ್ಕಿಕೊಂಡ ಪಾವತಿಯನ್ನು ಹುಡುಕಲು ಪಿನ್ ಯಾವ ಹಂತದಲ್ಲೂ ಬೇಕಾಗುವುದಿಲ್ಲ.

ವ್ಯವಸ್ಥೆ ಕಟ್ಟುವ ತಂಡಗಳಿಗೆ, ಗುರುತು ಎಲ್ಲ ಕಡೆ ತಲುಪುತ್ತಿದೆಯೇ ಎಂದು ತಿಳಿಯಲು ಸುಲಭದ ಪರೀಕ್ಷೆಯೊಂದಿದೆ. ನಿನ್ನೆ ಸರಿಯಾಗಿ ಮುಗಿದ ಒಂದು ಪಾವತಿಯನ್ನು ತೆಗೆದುಕೊಳ್ಳಿ, ಕೆಟ್ಟದ್ದು ಬೇಡ. ಅದರ ಗುರುತನ್ನಷ್ಟೇ ಕೊಟ್ಟು, ಆ ಭಾಗದ ಕೋಡ್ ಬರೆಯದ ಒಬ್ಬರಿಗೆ ಎಲ್ಲ ಹೆಜ್ಜೆಗಳ ಸಾಲು ಹೊರತೆಗೆಯಲು ಹೇಳಿ. ಎಷ್ಟು ಸಾಲು ಬರಬೇಕು ಎಂಬುದು ವಿನ್ಯಾಸದಲ್ಲೇ ಗೊತ್ತಿರುತ್ತದೆ. ಹತ್ತು ಬರಬೇಕಾದ ಕಡೆ ಎಂಟು ಬಂದರೆ ಆ ಎರಡರ ನಡುವೆ ಎಲ್ಲೋ ಗುರುತು ಬೀಳುತ್ತಿದೆ. ಹೆಚ್ಚಿನ ಸಲ ಅದು ಕ್ಯೂ, ಮರುಪ್ರಯತ್ನ, ರಾತ್ರಿ ಓಡುವ ಕಡತದ ಕೆಲಸ ಇವುಗಳಲ್ಲಿ ಒಂದಾಗಿರುತ್ತದೆ. ನೂಕುನುಗ್ಗಲಿನ ಹೊತ್ತಿನ ಪಾವತಿಯೊಂದನ್ನು ಬೇರೆಯಾಗಿ ಪರೀಕ್ಷಿಸಬೇಕು, ಏಕೆಂದರೆ ಸರದಿಯ ದಾರಿ ತೆರೆದುಕೊಳ್ಳುವುದು ಆಗ ಮಾತ್ರ. ಇದಲ್ಲದೆ ದಿನಕ್ಕೊಮ್ಮೆ `txn=-` ಎಂದು ಬರೆದಿರುವ ಸಾಲುಗಳನ್ನು ಯಾವ ಪ್ರೋಗ್ರಾಂನಿಂದ ಬಂದವು ಎಂಬ ಪ್ರಕಾರ ಎಣಿಸಿ ಇಡಬೇಕು. ನಮ್ಮ ಕಲ್ಪನೆಯ ಬ್ಯಾಂಕಿನಲ್ಲಿ ಯಾರಾದರೂ ಆ ಎಣಿಕೆ ನೋಡಿದ್ದರೆ ವರ್ಕರ್ ಹೆಸರಿನ ಮುಂದೆ ಶನಿವಾರಗಳಲ್ಲಿ ಏರುವ ಒಂದು ಅಂಕಿ ಎಷ್ಟೋ ವಾರ ಮೊದಲೇ ಕಾಣುತ್ತಿತ್ತು.